ಅಂತಿಮ ವರ್ಷದ ಎಲ್‌ಎಲ್‌ಬಿ ಮೌಖಿಕ ಪರೀಕ್ಷೆ: ದಂಡ ಪ್ರಕ್ರಿಯೆ, ಬಂಧನದಿಂದ ತೀರ್ಪಿನವರೆಗೆ

ಪ್ರಕರಣ: ತುಮಕೂರಿನಲ್ಲಿ ಸಂಜೆ 4 ಗಂಟೆಗೆ ಒಬ್ಬಾಕೆಯನ್ನು ತಡೆದು, ಕೊಂದುಬಿಡುತ್ತೇನೆಂದು ಬೆದರಿಸಿ ಸರ ಕಿತ್ತುಕೊಂಡಿದ್ದಾನೆ. ಬಿಎನ್‌ಎಸ್ ಕಲಂ 309(4), ಸುಲಿಗೆ. ಮಾರ್ಚ್ 3ರ ಸಂಜೆ 6ಕ್ಕೆ ಹುಬ್ಬಳ್ಳಿಯಲ್ಲಿ ಆರೋಪಿಯ ಬಂಧನ. ಮಾರ್ಚ್ 4ರ ರಾತ್ರಿ 8ಕ್ಕೆ ತುಮಕೂರಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರು. ದಾರಿಗೆ 7 ಗಂಟೆ ಹಿಡಿಯಿತು.

ಪರೀಕ್ಷಕರು: ಕುಳಿತುಕೊಳ್ಳಿ. ಕಲಂ ಸಂಖ್ಯೆ ಮರೆತರೆ ಪರವಾಗಿಲ್ಲ. ಯಾರು, ಯಾವಾಗ, ಯಾರ ಮುಂದೆ ಎಂಬುದು ತಪ್ಪಬಾರದು. ವಾರಂಟ್ ಬೇಕಿತ್ತೇ?

ವಿದ್ಯಾರ್ಥಿನಿ: ಬೇಡ ಸರ್. ಸಂಜ್ಞೇಯ ಅಪರಾಧ, ಬಿಎನ್‌ಎಸ್‌ಎಸ್ 35.

ಪ: ಶಿಕ್ಷೆ ಏಳು ವರ್ಷದೊಳಗಿದ್ದಿದ್ದರೆ?

ವಿ: ಬಂಧನ ಏಕೆ ಅಗತ್ಯ ಎಂದು ಕಾರಣ ಬರೆಯಬೇಕು. ಅಗತ್ಯವಿಲ್ಲದಿದ್ದರೆ 35(3)ರ ನೋಟಿಸ್. ಅರ್ನೇಶ್ ಕುಮಾರ್, 2014.

ಪ: ಅರೆಸ್ಟ್ ಮೆಮೊಗೆ ಯಾರ ಸಹಿ?

ವಿ: ಮನೆಯವರು ಇಲ್ಲವೇ ಆ ಪ್ರದೇಶದ ಗೌರವಸ್ಥರು, ಕನಿಷ್ಠ ಒಬ್ಬ ಸಾಕ್ಷಿ. ಜೊತೆಗೆ ಬಂಧಿತನ ಸಹಿ.

ಪ: ಬಂಧನದ ಆಧಾರಗಳನ್ನು ಬಾಯಲ್ಲಿ ಹೇಳಿದರೆ ಸಾಕೇ?

ವಿ: ಸಾಲದು ಸರ್. ಆತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ತಕ್ಷಣ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಬರಹದಲ್ಲಿ. ಮಿಹಿರ್ ರಾಜೇಶ್ ಷಾ, 2025.

ಪ: ಸರಿ. 26 ಗಂಟೆಯಾಯಿತಲ್ಲ, ಬಂಧನ ಅಕ್ರಮವೇ?

ವಿ: ಅಲ್ಲ. ಪ್ರಯಾಣದ 7 ಗಂಟೆ ಕಳೆದರೆ 19. ಕಲಂ 58.

ಪ: ಠಾಣೆಯಲ್ಲಿ ತಪ್ಪೊಪ್ಪಿಕೊಂಡು ಸರ ಬಚ್ಚಿಟ್ಟ ಜಾಗ ತೋರಿಸಿದ. ನ್ಯಾಯಾಲಯದಲ್ಲಿ ಏನು ನಿಲ್ಲುತ್ತದೆ?

ವಿ: ತಪ್ಪೊಪ್ಪಿಗೆ ನಿಲ್ಲುವುದಿಲ್ಲ. ಸರ ಸಿಗಲು ನೇರ ಕಾರಣವಾದ ಮಾತಿನ ಭಾಗ ಮಾತ್ರ, ಸಾಕ್ಷ್ಯ ಅಧಿನಿಯಮ 23.

ಪ: ಜಪ್ತಿ ಮಹಜರು?

ವಿ: ಕಲಂ 105ರಂತೆ ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು.

ಪ: ಕಲಂ 180ರ ಹೇಳಿಕೆಗೆ ಸಾಕ್ಷಿಯ ಸಹಿ?

ವಿ: ಹಾಕಿಸಬಾರದು. ಪಾಟೀ ಸವಾಲಿನಲ್ಲಿ ವಿರೋಧಾಭಾಸ ತೋರಿಸಲು ಬಳಕೆ.

ಪ: ಪೊಲೀಸ್ ಕಸ್ಟಡಿ ಎಷ್ಟು ದಿನ?

ವಿ: ಒಟ್ಟು 15 ದಿನ. ಒಮ್ಮೆಗೇ ಅಥವಾ ಕಂತುಗಳಲ್ಲಿ.

ಪ: ಕಂತು ಎಂದಮೇಲೆ ಗಡುವು ಇರಬೇಕಲ್ಲ?

ವಿ: ತನಿಖೆಗೆ 90 ದಿನವಿದ್ದರೆ ಮೊದಲ 60ರೊಳಗೆ, 60 ದಿನವಿದ್ದರೆ ಮೊದಲ 40ರೊಳಗೆ. ಸುಲಿಗೆಗೆ ಹತ್ತು ವರ್ಷ ಶಿಕ್ಷೆ, ಆದ್ದರಿಂದ ಇಲ್ಲಿ 90.

ಪ: ನಿಲ್ಲಿ. ಹೆಚ್ಚಿನವರು ಎಡವುವುದು ಇಲ್ಲೇ. 309(4) ‘ಹತ್ತು ವರ್ಷದವರೆಗೆ’ ಎನ್ನುತ್ತದೆ. ಕನಿಷ್ಠ ಶಿಕ್ಷೆ ಹತ್ತು ವರ್ಷವೇ?

ವಿ: ಇಲ್ಲ ಸರ್. ಹಾಗಾದರೆ 60. ರಾಕೇಶ್ ಕುಮಾರ್ ಪಾಲ್, 2017.

ಪ: ಹೌದು. ಬಿಎನ್‌ಎಸ್‌ಎಸ್‌ನಲ್ಲಿ ಪದಜೋಡಣೆ ಬದಲಾದರೂ ಕರ್ನಾಟಕ ಹೈಕೋರ್ಟ್ ಅದೇ ಅರ್ಥ ಹಿಡಿದಿದೆ. ಈಗ ದಿನ ಎಣಿಸಿ, ಬಾಯಿಬಿಟ್ಟು.

ವಿ: ಬಂಧನದ ದಿನದಿಂದಲ್ಲ, ರಿಮಾಂಡ್ ಕೊಟ್ಟ ಮಾರ್ಚ್ 4ರಿಂದ, ಆ ದಿನವೂ ಸೇರಿ. ಮಾರ್ಚ್‌ನಲ್ಲಿ 28, ಏಪ್ರಿಲ್‌ಗೆ 58, ಮೇ 2ಕ್ಕೆ 60. ಅಷ್ಟರೊಳಗೆ ಚಾರ್ಜ್‌ಶೀಟ್ ಬಾರದಿದ್ದರೆ ಮೇ 3ರಂದು ಡಿಫಾಲ್ಟ್ ಜಾಮೀನಿನ ಹಕ್ಕು ಹುಟ್ಟುತ್ತದೆ.

ಪ: ಅಂದು 10.30ಕ್ಕೆ ಅರ್ಜಿ, 12ಕ್ಕೆ ಚಾರ್ಜ್‌ಶೀಟ್. ಸರ್ಕಾರಿ ಅಭಿಯೋಜಕರು ‘ಸಲ್ಲಿಸಿಯಾಯಿತು’ ಎನ್ನುತ್ತಾರೆ.

ವಿ: ಅರ್ಜಿ ಮೊದಲು ಬಂದಿದೆ, ಹಕ್ಕು ಉಳಿಯುತ್ತದೆ. ಜಾಮೀನು ಒದಗಿಸಲು ಸಿದ್ಧನಿರಬೇಕು.

ಪ: ತಿರುವುಮುರುವಾದರೆ?

ವಿ: ಹಕ್ಕು ಹೋಯಿತು. ಗುಣದೋಷದ ಮೇಲೆ 480ರಲ್ಲಿ ಕೇಳಬೇಕು.

ಪ: ಅರ್ಧ ದಿನದ ಉದಾಸೀನಕ್ಕೆ ಕಕ್ಷಿದಾರ ತಿಂಗಳುಗಟ್ಟಲೆ ಜೈಲಿನಲ್ಲಿರಬೇಕಾಗುತ್ತದೆ, ನೆನಪಿರಲಿ. ಮುಂದೆ. ದಾಖಲೆಗಳ ಪ್ರತಿ?

ವಿ: ಆರೋಪಿ ಹಾಜರಾದ 14 ದಿನದೊಳಗೆ, ಕಲಂ 230.

ಪ: ವಿಚಾರಣೆ ಎಲ್ಲಿ?

ವಿ: ಮೊದಲ ದರ್ಜೆ ಮ್ಯಾಜಿಸ್ಟ್ರೇಟರ ಬಳಿ, ವಾರಂಟ್ ಪ್ರಕರಣವಾಗಿ.

ಪ: ಕೊಲೆಯಾಗಿದ್ದರೆ?

ವಿ: 232ರಡಿ ಸೆಷನ್ಸ್‌ಗೆ ಕಮಿಟ್.

ಪ: ಡಿಸ್ಚಾರ್ಜ್ ಅರ್ಜಿ?

ವಿ: ಇಲ್ಲಿ 262, ಪ್ರತಿ ಕೊಟ್ಟ 60 ದಿನದೊಳಗೆ. ಸೆಷನ್ಸ್‌ನಲ್ಲಿ 250, ಕಮಿಟ್ ಆದ 60 ದಿನದೊಳಗೆ.

ಪ: ಡಿಸ್ಚಾರ್ಜಿಗೂ ಖುಲಾಸೆಗೂ ವ್ಯತ್ಯಾಸ?

ವಿ: ಡಿಸ್ಚಾರ್ಜ್ ಆರೋಪ ನಿಗದಿಗೆ ಮೊದಲು, ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಮೊಕದ್ದಮೆ ಬರಬಹುದು. ಖುಲಾಸೆಯ ನಂತರ ಅದೇ ಅಪರಾಧಕ್ಕೆ ಮರುವಿಚಾರಣೆಯಿಲ್ಲ, 337.

ಪ: ಪ್ರತ್ಯಕ್ಷ ಸಾಕ್ಷಿ ಕಟಕಟೆಯಲ್ಲಿ ತಿರುಗಿಬಿದ್ದ.

ವಿ: ನ್ಯಾಯಾಲಯದ ಅನುಮತಿ ಪಡೆದು ಅಭಿಯೋಜಕರೇ ಪಾಟೀ ಸವಾಲು ಮಾಡುತ್ತಾರೆ. ಸಾಕ್ಷ್ಯವೆಲ್ಲ ಅಳಿಸಿಹೋಗುವುದಿಲ್ಲ, ನಂಬಬಹುದಾದ ಭಾಗ ಉಳಿಯುತ್ತದೆ.

ಪ: ಕಲಂ 351, ಹಳೆಯ 313. ಆರೋಪಿಗೆ ಪ್ರಮಾಣ ಬೋಧಿಸುತ್ತಾರೆಯೇ?

ವಿ: ಇಲ್ಲ. ಉತ್ತರಿಸದಿದ್ದರೂ, ಸುಳ್ಳು ಹೇಳಿದರೂ ಶಿಕ್ಷೆಯಿಲ್ಲ.

ಪ: ಸರ ಸಿಕ್ಕ ಸಂಗತಿಯನ್ನೇ ಆತನಿಗೆ ಕೇಳದೆ ಬಿಟ್ಟರೆ?

ವಿ: ಆ ಸಂಗತಿಯನ್ನು ಸಾಮಾನ್ಯವಾಗಿ ಆತನ ವಿರುದ್ಧ ಬಳಸುವಂತಿಲ್ಲ. ಹಾನಿಯಾಗಿದ್ದರೆ ಮೇಲ್ಮನವಿಯಲ್ಲಿ ಪ್ರಕರಣವೇ ಹಿಂದಕ್ಕೆ ಬರಬಹುದು.

ಪ: ಎಲ್ಲ ಸಂಗತಿ ಸೇರಿಸಿ ಒಂದೇ ಉದ್ದ ಪ್ರಶ್ನೆ ಕೇಳಿದರೂ ಅದೇ ದೋಷ. ದೋಷಿ ಎಂದಾಯಿತು. ಕೂಡಲೇ ಶಿಕ್ಷೆಯೇ?

ವಿ: ಶಿಕ್ಷೆಯ ಪ್ರಮಾಣದ ಬಗ್ಗೆ ಆತನನ್ನು ಕೇಳಬೇಕು, 271.

ಪ: ಎರಡು ವರ್ಷ ಶಿಕ್ಷೆ. ಮೇಲ್ಮನವಿ?

ವಿ: ಸೆಷನ್ಸ್‌ಗೆ, 30 ದಿನದೊಳಗೆ. ಜಾಮೀನಿನಲ್ಲಿದ್ದವನಾದರೆ 430ರಡಿ ವಿಚಾರಣಾ ನ್ಯಾಯಾಲಯವೇ ಅಲ್ಲಿಯವರೆಗೆ ಬಿಡುಗಡೆ ಮಾಡಬಹುದು.

ಪ: ಸಾಕು. ಹೋಗುವಾಗ ಮುಂದಿನವರನ್ನು ಒಳಗೆ ಕಳಿಸಿ.