ಮೀಟರಲ್ಲಿ ಲೈಟ್ ಬಂದಿದೆ, ಗಾಡಿ ಓಡಿಸಬಹುದಾ?

ನಾನು ಹಾಸನದಲ್ಲಿ 14 ವರ್ಷದಿಂದ ಕಾರು ಕಲಿಸುತ್ತಿದ್ದೇನೆ. ಲೈಸೆನ್ಸ್ ಕೈಗೆ ಬಂದು ಒಬ್ಬರೇ ಗಾಡಿ ತೆಗೆದುಕೊಂಡು ಹೊರಟವರು ದಾರಿಯಿಂದ ಫೋನ್ ಮಾಡುತ್ತಾರೆ. "ಸರ್, ಮೀಟರಲ್ಲಿ ಏನೋ ಲೈಟ್ ಬಂದಿದೆ, ಓಡಿಸಬಹುದಾ?" ನಾನು ಮೊದಲು ಕೇಳುವುದು "ಯಾವ ಬಣ್ಣ?" ಅಂತ. ಆಮೇಲೆ "ಗಾಡಿ ಮಾಮೂಲಿ ಥರ ಇದೆಯಾ, ಏನಾದರೂ ಬೇರೆ ಅನ್ನಿಸ್ತಿದೆಯಾ?" ಅಂತ. ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಹೊಸದಾಗಿ ಲೈಸೆನ್ಸ್ ತೆಗೆದುಕೊಂಡವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಕೆಂಪು ಅಂದರೆ ಈಗಲೇ ಗಮನ ಕೊಡಿ, ಹೆಚ್ಚಿನ ಸಲ ಗಾಡಿ ನಿಲ್ಲಿಸಿ ಅಂತ ಅರ್ಥ. ಹಳದಿ ಅಂದರೆ ಏನೋ ಸರಿಯಿಲ್ಲ, ಜೋಪಾನವಾಗಿ ಹೋಗಿ ಬೇಗ ತೋರಿಸಿ ಅಂತ. ಈ ಹಳದಿ ಕೆಲವು ಕಾರುಗಳಲ್ಲಿ ಕಿತ್ತಳೆ ಬಣ್ಣದಲ್ಲಿ ಕಾಣುತ್ತದೆ, ಅರ್ಥ ಒಂದೇ. ಹಸಿರು, ನೀಲಿ ದೀಪಗಳು ಯಾವುದು ಆನ್ ಇದೆ ಅಂತ ಹೇಳುತ್ತವೆ ಅಷ್ಟೆ.

ಮನೆ ಮುಂದೆ ನಿಂತಾಗಲೇ ನೋಡಿಕೊಳ್ಳಿ

ನಾಳೆ ಬೆಳಿಗ್ಗೆ ಗಾಡಿ ತೆಗೆಯುವಾಗ ಒಂದು ಕೆಲಸ ಮಾಡಿ. ಕೀ ತಿರುಗಿಸಿ, ಆದರೆ ಸೆಲ್ಫ್ ಹೊಡೆಯಬೇಡಿ. ಮೀಟರಿನ ತುಂಬಾ ದೀಪಗಳು ಹತ್ತಿಕೊಳ್ಳುತ್ತವೆ. ಹೆದರಬೇಡಿ, ಗಾಡಿ ತನ್ನನ್ನು ತಾನೇ ಚೆಕ್ ಮಾಡಿಕೊಳ್ಳುತ್ತಿದೆ. ಏರ್‌ಬ್ಯಾಗ್, ಎಬಿಎಸ್ ದೀಪಗಳು ಕೆಲವು ಸೆಕೆಂಡಿನಲ್ಲಿ ಆರುತ್ತವೆ. ಆಯಿಲ್, ಬ್ಯಾಟರಿ ದೀಪಗಳು ಇಂಜಿನ್ ಸ್ಟಾರ್ಟ್ ಆದ ಮೇಲೆ ಆರುತ್ತವೆ. ಹ್ಯಾಂಡ್ ಬ್ರೇಕ್ ಇಳಿಸಿದರೆ ಆ ಕೆಂಪೂ ಹೋಗುತ್ತದೆ. ಇದಾದ ಮೇಲೂ ಉಳಿದ ದೀಪ ಯಾವುದೋ, ಅದು ನಿಮಗೆ ಏನೋ ಹೇಳುತ್ತಿದೆ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಇದನ್ನು ತಪ್ಪದೆ ಮಾಡಿ. ಕೀ ಹಾಕಿದಾಗ ಏರ್‌ಬ್ಯಾಗ್ ದೀಪ ಅಥವಾ ಇಂಜಿನ್ ದೀಪ ಬರಲೇ ಇಲ್ಲ ಅಂದರೆ ಖುಷಿಪಡಬೇಡಿ. ಬಲ್ಬ್ ಹೋಗಿರಬಹುದು, ಇಲ್ಲವೇ ತೊಂದರೆ ಕಾಣಬಾರದು ಅಂತ ಯಾರೋ ಅದನ್ನು ತೆಗೆಸಿರಬಹುದು.

ಕೆಂಪು: ಮೊದಲು ಆಯಿಲ್ ದೀಪ

ಹಳೆ ಕಾಲದ ಎಣ್ಣೆ ಕ್ಯಾನಿನ ಚಿತ್ರ, ಮೂತಿಯಿಂದ ಒಂದು ತೊಟ್ಟು ಬೀಳುತ್ತಿರುತ್ತದೆ. ಇದು ಕೆಂಪಾಗಿ ಬಂದರೆ ಇಂಜಿನ್ ಒಂದು ನಿಮಿಷವೂ ಓಡಬಾರದು. ಪಕ್ಕಕ್ಕೆ ಹಾಕಿ, ಆಫ್ ಮಾಡಿ.

ಹೋದ ಮಳೆಗಾಲದಲ್ಲಿ ನನ್ನ ತಂಗಿ ಮಗ ಹಳೆ ಕಾರು ಒಂದು ತಗೊಂಡಿದ್ದ. ಅರಸೀಕೆರೆ ಕಡೆಯಿಂದ ಬರುವಾಗ ಸಂಜೆ ಹೊತ್ತು, ಬಣ್ಣ ಹೊಡೆಯದ ಹಂಪ್ ಒಂದು ಕಾಣಲಿಲ್ಲ. ಅಡಿಯಲ್ಲಿ 'ಧಡ್' ಅಂತ ಹೊಡೆಯಿತು. ಗಾಡಿ ಚೆನ್ನಾಗೇ ಓಡುತ್ತಿತ್ತು, ಸುಮ್ಮನೆ ಮುಂದೆ ಬಂದ. ಎರಡು ಕಿಲೋಮೀಟರ್ ಆದ ಮೇಲೆ ಆಯಿಲ್ ದೀಪ ಬಂತು. ಮುಂದಿನ ಊರಲ್ಲಿ ಗ್ಯಾರೇಜ್ ಇದೆ, ನಿಧಾನಕ್ಕೆ ಹೋದರಾಯಿತು ಅಂದುಕೊಂಡ. ಮೊದಲು ಟಿಕ್ ಟಿಕ್ ಅಂತ ಸಣ್ಣ ಸದ್ದು. ಆಮೇಲೆ ಕಟಕಟ. ಊರು ಬರುವ ಮೊದಲೇ ಇಂಜಿನ್ ಸೀಜ್ ಆಯಿತು. ಒಡೆದಿದ್ದು ಬರೀ ಆಯಿಲ್ ಚೇಂಬರ್. ಅಲ್ಲೇ ಆಫ್ ಮಾಡಿದ್ದರೆ ಚೇಂಬರ್ ಮತ್ತು ಹೊಸ ಆಯಿಲ್ ಖರ್ಚಿನಲ್ಲಿ ಮುಗಿಯುತ್ತಿತ್ತು. ಕೊನೆಗೆ ಅವನು ಕೊಟ್ಟಿದ್ದು ಕಾರು ತಗೊಂಡ ಬೆಲೆಯ ಅರ್ಧಕ್ಕಿಂತ ಜಾಸ್ತಿ.

ನಿಧಾನಕ್ಕೆ ಹೋದರೂ ಯಾಕೆ ಉಳಿಯಲಿಲ್ಲ ಗೊತ್ತಾ? ಈ ದೀಪ ಹೇಳುವುದು ಆಯಿಲ್ ಎಷ್ಟಿದೆ ಅಂತ ಅಲ್ಲ, ಅದರ ಪ್ರೆಶರ್ ಬಿದ್ದಿದೆ ಅಂತ. ಕ್ರ್ಯಾಂಕ್ ಮತ್ತು ಬೇರಿಂಗ್ ನಡುವೆ ತೆಳುವಾದ ಎಣ್ಣೆ ಪದರ ಇರುತ್ತದೆ. ಅದನ್ನು ನಿಲ್ಲಿಸುವುದು ಪಂಪಿನ ಪ್ರೆಶರ್. ಅದು ಹೋದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ, ನೀವು ಇಪ್ಪತ್ತರಲ್ಲಿ ಹೋದರೂ ಅಷ್ಟೆ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು ಒರೆಸಿ ನೋಡಿ. ಆಯಿಲ್ ಕಡಿಮೆ ಇದ್ದು, ಅಡಿಯಲ್ಲಿ ಸೋರಿಕೆ ಇಲ್ಲದಿದ್ದರೆ ಸರಿಯಾದ ಆಯಿಲ್ ಹಾಕಿ ನೋಡಬಹುದು. ಸ್ಟಾರ್ಟ್ ಮಾಡಿದ ತಕ್ಷಣ ದೀಪ ಆರದಿದ್ದರೆ ಮತ್ತೆ ಆಫ್. ಆಯಿಲ್ ಸರಿಯಾಗಿಯೇ ಇದ್ದು ದೀಪ ಬಂದಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ಟೋಯಿಂಗ್ ಗಾಡಿ ಕರೆಸಿ.

ಇಂಜಿನ್ ಬಿಸಿ

ನೀರಿನಲ್ಲಿ ನಿಂತ ಥರ್ಮಾಮೀಟರ್ ಚಿತ್ರ. ಕೆಲವು ಕಾರುಗಳಲ್ಲಿ ಬೆಳಿಗ್ಗೆ ಇದೇ ಚಿತ್ರ ನೀಲಿಯಾಗಿ ಬರುತ್ತದೆ, ಇಂಜಿನ್ ಇನ್ನೂ ತಣ್ಣಗಿದೆ ಅಂತ. ಸ್ವಲ್ಪ ದೂರ ರೈಸ್ ಮಾಡದೆ ಓಡಿಸಿ, ತಾನೇ ಹೋಗುತ್ತದೆ. ಕೆಂಪಾದರೆ ಮಾತ್ರ ನಿಲ್ಲಿಸಬೇಕು.

ನಮ್ಮ ಕಡೆಯವರಿಗೆ ಇದು ಹೆಚ್ಚಾಗಿ ಮಂಗಳೂರಿನಿಂದ ವಾಪಸ್ ಬರುವಾಗ ಶಿರಾಡಿ ಘಾಟ್ ಹತ್ತುವಲ್ಲಿ ಕಾಣುತ್ತದೆ. ಮುಂದೆ ಲಾರಿಗಳ ಸಾಲು, ಫಸ್ಟ್ ಗೇರ್, ಎಸಿ ಫುಲ್, ಗಾಡಿ ತುಂಬಾ ಜನ. ಮುಳ್ಳು ಮೇಲೇರುವುದು ಕಂಡರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಇಡಿ. ಒಳಗೆ ಸೆಕೆ ಆಗುತ್ತದೆ, ನಿಜ. ಆದರೆ ಇಂಜಿನ್ನಿನ ಬಿಸಿ ಒಂದಷ್ಟು ಆ ದಾರಿಯಿಂದ ಹೊರಗೆ ಬರುತ್ತದೆ, ಗಾಡಿ ನಿಲ್ಲಿಸಲು ಜಾಗ ಸಿಗುವ ತನಕ ಅಷ್ಟು ಸಾಕು. ಕೆಂಪು ದೀಪವೇ ಬಂದರೆ ಸಿಕ್ಕ ಮೊದಲ ಜಾಗದಲ್ಲಿ ನಿಲ್ಲಿಸಿ ಆಫ್ ಮಾಡಿ.

ಈಗ ಕೈ ಮುಗಿದು ಹೇಳುತ್ತೇನೆ. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಆಗಲಿ, ಕೂಲೆಂಟ್ ಡಬ್ಬದ ಮುಚ್ಚಳ ಆಗಲಿ ಬಿಚ್ಚಬೇಡಿ. ಒಳಗೆ ಕುದಿಯುವ ನೀರು ಪ್ರೆಶರಿನಲ್ಲಿ ಇರುತ್ತದೆ. ಕುಕ್ಕರ್ ಮುಚ್ಚಳವನ್ನು ಸೀಟಿ ಹಾಕುವಾಗ ಬಿಚ್ಚಿದ ಹಾಗೆ, ನೇರ ಮುಖಕ್ಕೆ ಹಾರುತ್ತದೆ. ಅರ್ಧ ಮುಕ್ಕಾಲು ಗಂಟೆ ಕಾಯಿರಿ. ಬಾನೆಟ್ ಮುಟ್ಟಿದರೆ ಬಿಸಿ ಇರಬಾರದು. ಆಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನಕ್ಕೆ ತಿರುಗಿಸಿ. ಕೂಲೆಂಟ್ ಇಲ್ಲದಿದ್ದರೆ ಆ ಹೊತ್ತಿಗೆ ಕುಡಿಯುವ ನೀರು ಹಾಕಬಹುದು, ಆದರೆ ಎಲ್ಲಿ ಸೋರಿತು ಅಂತ ಗ್ಯಾರೇಜಿನಲ್ಲಿ ತೋರಿಸಲೇಬೇಕು.

ಬ್ರೇಕ್, ಬ್ಯಾಟರಿ, ಏರ್‌ಬ್ಯಾಗ್

ವೃತ್ತದೊಳಗೆ ಆಶ್ಚರ್ಯಚಿಹ್ನೆ ಇದ್ದರೆ ಬ್ರೇಕ್. ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ, ಹೊಸಬರಲ್ಲಿ ಎಷ್ಟೋ ಸಲ ಒಂದು ಹಲ್ಲು ಮೇಲೆ ಉಳಿದಿರುತ್ತದೆ. ಇಳಿದಿದ್ದರೂ ದೀಪ ಇದ್ದರೆ ಬ್ರೇಕ್ ಆಯಿಲ್ ಕಡಿಮೆ ಆಗಿರಬಹುದು. ನಿಂತು ಪೆಡಲ್ ಒತ್ತಿ. ಸ್ಪಂಜಿನ ಥರ ಮೆತ್ತಗಿದ್ದರೆ, ಇಲ್ಲವೇ ಕೆಳಗೆ ಇಳಿದು ಹೋದರೆ, ಗಾಡಿ ಅಲ್ಲಿಂದ ಅಲ್ಲಾಡಬಾರದು. ಕೆಂಪು ಬ್ರೇಕ್ ದೀಪದ ಜೊತೆ ಹಳದಿ ಎಬಿಎಸ್ ದೀಪವೂ ಬಂದರೂ ಓಡಿಸಬೇಡಿ. ಜೋರಾಗಿ ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಿಬಿಡಬಹುದು.

ಬ್ಯಾಟರಿ ಚಿತ್ರ ಕೆಂಪಾದರೆ ಚಾರ್ಜ್ ಆಗುತ್ತಿಲ್ಲ ಅಂತ. ಮೆಕ್ಯಾನಿಕ್‌ಗಳು ಡೈನಮೋ ಅನ್ನುತ್ತಾರಲ್ಲ, ಅದು ಕೆಲಸ ನಿಲ್ಲಿಸಿದೆ, ಇಲ್ಲವೇ ಬೆಲ್ಟ್ ಹೋಗಿದೆ. ಕೆಂಪು ದೀಪಗಳಲ್ಲಿ ಸ್ವಲ್ಪ ದೂರ ಹೋಗಲು ಬಿಡುವುದು ಇದು. ಎಸಿ, ಮ್ಯೂಸಿಕ್, ಫೋನ್ ಚಾರ್ಜರ್ ಎಲ್ಲ ಆಫ್ ಮಾಡಿ ಹತ್ತಿರದ ಗ್ಯಾರೇಜಿಗೆ ಹೋಗಿ. ಮಧ್ಯದಲ್ಲಿ ಆಫ್ ಮಾಡಿದರೆ ಮತ್ತೆ ಸೆಲ್ಫ್ ತೆಗೆದುಕೊಳ್ಳದೆ ಇರಬಹುದು. ಆದರೆ ಸ್ಟೇರಿಂಗ್ ಭಾರ ಆದರೆ ಅಥವಾ ಬಿಸಿ ಏರಲು ಶುರುವಾದರೆ ನಿಲ್ಲಿಸಿ. ಕೆಲವು ಗಾಡಿಗಳಲ್ಲಿ ವಾಟರ್ ಪಂಪ್ ತಿರುಗಿಸುವುದೂ ಅದೇ ಬೆಲ್ಟ್. ರಾತ್ರಿ ಹೊತ್ತು ಹೈವೇಯಲ್ಲಿ ದೂರ ಹೋಗುವ ಧೈರ್ಯ ಮಾಡಬೇಡಿ, ಹೆಡ್‌ಲೈಟ್ ಮಂಕಾಗುತ್ತಾ ಹೋಗುತ್ತದೆ.

ಏರ್‌ಬ್ಯಾಗ್ ದೀಪ ಉಳಿದರೆ ಗಾಡಿ ಓಡುತ್ತದೆ, ಏನೂ ಆಗದ ಹಾಗೆ ಇರುತ್ತದೆ. ಅಪಘಾತವಾದರೆ ಮಾತ್ರ ಏರ್‌ಬ್ಯಾಗ್ ತೆರೆಯದೇ ಇರಬಹುದು. ವರ್ಷಗಟ್ಟಲೆ ಹಾಗೇ ಓಡಿಸುವವರನ್ನು ನೋಡಿ ನನಗೆ ನಿಜಕ್ಕೂ ಭಯ ಆಗುತ್ತದೆ. ಆ ವಾರದಲ್ಲೇ ಸರಿ ಮಾಡಿಸಿ. ಬಾಗಿಲು, ಸೀಟ್ ಬೆಲ್ಟ್ ದೀಪ ನಿಮಗೇ ಅರ್ಥವಾಗುತ್ತದೆ.

ಹಳದಿ: ಸುಮ್ಮನೆ ಹತ್ತಿದೆಯಾ, ಮಿಣುಕುತ್ತಿದೆಯಾ?

ಇಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಹತ್ತಿಕೊಂಡಿದ್ದು, ಗಾಡಿ ಮಾಮೂಲಿಯಂತೆ ಇದ್ದರೆ ಮನೆಗೆ ಹೋಗಬಹುದು. ಎರಡು ಮೂರು ದಿನದಲ್ಲಿ ಸ್ಕ್ಯಾನರ್ ಇರುವ ಕಡೆ ತೋರಿಸಿ. ಒಂದು ಸೆನ್ಸರ್ ಹೋಗಿದ್ದರೂ ಬರುತ್ತದೆ. ಅದೇ ದೀಪ ಮಿಣಿಮಿಣಿ ಅಂದರೆ, ಗಾಡಿ ಜರ್ಕ್ ಹೊಡೆದರೆ, ವಿಷಯ ಬೇರೆ. ಯಾವುದೋ ಸಿಲಿಂಡರ್ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಆ ಭಾಗ ತುಂಬಾ ದುಬಾರಿ. ಆಕ್ಸಲರೇಟರ್ ಬಿಡಿ, ನಿಧಾನಕ್ಕೆ ಪಕ್ಕಕ್ಕೆ ಹಾಕಿ. ಮಿಣುಕುವುದು ನಿಲ್ಲದಿದ್ದರೆ ಟೋಯಿಂಗ್.

ಎಬಿಎಸ್ ಒಂದೇ ಬಂದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಜಾರುತ್ತದೆ, ಮುಂದಿನ ಗಾಡಿಯಿಂದ ಜಾಸ್ತಿ ದೂರ ಇಟ್ಟುಕೊಳ್ಳಿ. ಟೈರ್ ಗಾಳಿಯ ದೀಪ ಬಂದರೆ ಮೊದಲು ಇಳಿದು ನಾಲ್ಕು ಟೈರ್ ಕಣ್ಣಾರೆ ನೋಡಿ. ಚಪ್ಪಟೆ ಇದ್ದರೆ ಸ್ಟೆಪ್ನಿ ಹಾಕಿ, ಇಲ್ಲದಿದ್ದರೆ ಹತ್ತಿರದ ಪಂಚರ್ ಅಂಗಡಿ ತನಕ ನಿಧಾನಕ್ಕೆ. ಕಾರಿನ ಹಿಂದೆ ಜಾರಿದ ಗೆರೆ ಇರುವ ದೀಪ ಓಡುವಾಗ ಮಿಣುಕಿದರೆ ಅದು ದೋಷವಲ್ಲ, ಚಕ್ರ ಜಾರದಂತೆ ಗಾಡಿ ಹಿಡಿದುಕೊಳ್ಳುತ್ತಿದೆ.

ಡೀಸೆಲ್ ಗಾಡಿಯಲ್ಲಿ ಸುರುಳಿ ಚಿತ್ರ ಆರಿದ ಮೇಲೆ ಸೆಲ್ಫ್ ಹೊಡೆಯಿರಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ಬರೀ ಊರೊಳಗೆ ಓಡಿಸಿದರೆ ಅದು ಕಟ್ಟಿಕೊಂಡು ಹಳದಿ ದೀಪ ಬರುತ್ತದೆ. ಹೈವೇಗೆ ಹೋಗಿ ಅರವತ್ತರ ಮೇಲೆ ಒಂದೇ ವೇಗದಲ್ಲಿ 15–20 ನಿಮಿಷ ಓಡಿಸಿದರೆ ಮಸಿ ಸುಟ್ಟು ದೀಪ ಆರುವುದುಂಟು. ಆರದಿದ್ದರೆ ಸರ್ವಿಸ್‌ಗೆ ಕೊಡಿ.

ನಿಲ್ಲಿಸುವುದು ಹೇಗೆ

ಕೆಂಪು ಕಂಡ ತಕ್ಷಣ ನಡುರಸ್ತೆಯಲ್ಲಿ ಬ್ರೇಕ್ ಒತ್ತಬೇಡಿ, ಹಿಂದಿನವರಿಗೆ ನಿಮ್ಮ ಮೀಟರ್ ಕಾಣುವುದಿಲ್ಲ. ಹಝಾರ್ಡ್ ಹಾಕಿ, ಕನ್ನಡಿ ನೋಡಿ, ಎಡಕ್ಕೆ ಬನ್ನಿ. ಓಡುತ್ತಿರುವಾಗ ಕೀ ಆಫ್ ಮಾಡಬಾರದು, ಸ್ಟೇರಿಂಗ್ ಮತ್ತು ಬ್ರೇಕ್ ಎರಡೂ ಕಲ್ಲಿನಂತೆ ಗಟ್ಟಿಯಾಗುತ್ತವೆ. ನಿಂತ ಮೇಲೆ ಆಫ್. ಎಡಗಡೆ ಬಾಗಿಲಿಂದ ಇಳಿಯಿರಿ. ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು ಸುಮಾರು ಐವತ್ತು ಹೆಜ್ಜೆ ಹಿಂದೆ ಇಡಿ, ತಿರುವು ಇದ್ದರೆ ತಿರುವಿಗೂ ಮೊದಲು. ಮಕ್ಕಳನ್ನು ರಸ್ತೆಯಿಂದ ದೂರ ನಿಲ್ಲಿಸಿ. ನ್ಯಾಷನಲ್ ಹೈವೇ ಆದರೆ 1033ಕ್ಕೆ ಫೋನ್ ಮಾಡಿ.

ಗಾಡಿ ಆಫ್ ಮಾಡುವ ಮೊದಲು, ನಿಂತಿದ್ದಾಗ, ಪಕ್ಕದಲ್ಲಿ ಕೂತವರಿಗೆ ಮೀಟರಿನ ಫೋಟೋ ತೆಗೆಯಲು ಹೇಳಿ. ಆಯಿಲ್ ಮತ್ತು ಬಿಸಿ ದೀಪಕ್ಕೆ ಮಾತ್ರ ಫೋಟೋಗೆ ಕಾಯಬೇಡಿ. ಬಾಕಿ ದೀಪಗಳು ಮತ್ತೆ ಸ್ಟಾರ್ಟ್ ಮಾಡಿದಾಗ ಕೆಲವು ಸಲ ಕಾಣುವುದಿಲ್ಲ, ಮೆಕ್ಯಾನಿಕ್‌ಗೆ ಆ ಫೋಟೋ ತೋರಿಸಿದರೆ ಎಲ್ಲಿಂದ ಹುಡುಕಬೇಕು ಅಂತ ಅವರಿಗೆ ಗೊತ್ತಾಗುತ್ತದೆ.