ಮೂರು ಭಿನ್ನರಾಶಿ ಸೇರಿದರೆ ಒಂದೂವರೆಗೆ ಕಡಿಮೆ ಇಲ್ಲ

ಕಳೆದ ಭಾನುವಾರ ಮನೆಗೆ ಕೊಟ್ಟ ಲೆಕ್ಕ ಇದು. a, b, c ಮೂರೂ ಧನ ಸಂಖ್ಯೆಗಳಾದರೆ

a/(b+c) + b/(c+a) + c/(a+b) ≥ 3/2

ಎಂದು ಸಾಧಿಸಿ.

ಹನ್ನೊಂದು ಜನ ಬರೆದು ತಂದಿರಿ. ಏಳು ಹಾಳೆಗಳಲ್ಲಿ ಒಂದೇ ತಪ್ಪು ಇತ್ತು. ಒಬ್ಬರದು ನೋಡಿ ಇನ್ನೊಬ್ಬರು ಬರೆದಿದ್ದೀರಿ ಅಂತ ನಾನು ಅಂದುಕೊಳ್ಳಲಿಲ್ಲ. ಯಾಕಂದರೆ ಹತ್ತನೇ ಕ್ಲಾಸಿನಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ, ಪಕ್ಕದಲ್ಲಿ ಯಾರೂ ಇರಲಿಲ್ಲ. ಬೋರ್ಡಿನ ಮೇಲೆ ಗಡಿಬಿಡಿಯಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಪೆನ್ಸಿಲ್ ಹಿಡಿದುಕೊಂಡೇ ಓದಿ.

ಇದಕ್ಕೆ ನೆಸ್‌ಬಿಟ್ ಅಸಮತೆ ಎಂದು ಹೆಸರು. 1903ರಷ್ಟು ಹಳೆಯದು. ಹೆಸರು ನೆನಪಿಲ್ಲದಿದ್ದರೂ ನಷ್ಟ ಇಲ್ಲ, ಲೆಕ್ಕ ನೆನಪಿರಲಿ.

ಮೊದಲು ಸಂಖ್ಯೆ ಹಾಕಿ ನೋಡೋಣ. ಮೂರು ಜನರ ಹತ್ತಿರ a, b, c ರೂಪಾಯಿ ಇದೆ ಎಂದುಕೊಳ್ಳಿ. ಒಬ್ಬೊಬ್ಬರ ದುಡ್ಡನ್ನೂ ಉಳಿದಿಬ್ಬರ ಒಟ್ಟು ದುಡ್ಡಿನಿಂದ ಭಾಗಿಸಿ ಕೂಡಬೇಕು, ಅಷ್ಟೇ. ಮೂವರ ಹತ್ತಿರವೂ ಒಂದೊಂದು ರೂಪಾಯಿ ಇದ್ದರೆ 1/2 + 1/2 + 1/2, ಸರಿಯಾಗಿ ಒಂದೂವರೆ. 1, 2, 3 ಇದ್ದರೆ 1/5 + 2/4 + 3/3, ಅಂದರೆ 0.2 + 0.5 + 1 = 1.7. 10, 11, 12 ಹಾಕಿದರೆ ಸುಮಾರು 1.506. 1, 1, 100 ಹಾಕಿದರೆ ಐವತ್ತನ್ನೂ ದಾಟುತ್ತದೆ. ಮೂವರ ಪಾಲು ಹತ್ತಿರ ಹತ್ತಿರ ಇದ್ದಷ್ಟೂ ಮೊತ್ತ ಒಂದೂವರೆಗೆ ಹತ್ತಿರ. ಒಬ್ಬನ ಕೈಯಲ್ಲೇ ಜಾಸ್ತಿ ಸೇರಿದರೆ ಮೊತ್ತ ಹಾರುತ್ತದೆ. ಇನ್ನೊಂದು ವಿಷಯ: 1, 2, 3ರ ಬದಲು 10, 20, 30 ಹಾಕಿದರೂ 1.7 ಬರುತ್ತದೆ. ರೂಪಾಯಿಯಲ್ಲಿ ಎಣಿಸಿದರೂ ಒಂದೇ, ಪೈಸೆಯಲ್ಲಿ ಎಣಿಸಿದರೂ ಒಂದೇ. ಈ ಮಾತು ಆಮೇಲೆ ಕೆಲಸಕ್ಕೆ ಬರುತ್ತದೆ.

ಈಗ ಆ ಏಳು ಹಾಳೆಗಳ ವಿಚಾರ. ಅದರಲ್ಲಿ ಇದ್ದದ್ದು ಹೀಗೆ. ಮೂರು ಧನ ಸಂಖ್ಯೆಗಳ ಸಮಾಂತರ ಮಾಧ್ಯ ಅವುಗಳ ಗುಣೋತ್ತರ ಮಾಧ್ಯಕ್ಕಿಂತ ಕಡಿಮೆ ಇರುವುದಿಲ್ಲ. ಆದ್ದರಿಂದ

ಮೊತ್ತ ≥ 3 × ∛( abc / ((a+b)(b+c)(c+a)) )

ಇಲ್ಲಿಯವರೆಗೆ ಸರಿಯೇ. ಆಮೇಲೆ, (a+b)(b+c)(c+a) ≥ 8abc ಎಂದು ಹಿಂದಿನ ವಾರ ಮಾಡಿದ್ದೆವಲ್ಲ, ಅದನ್ನು ಹಾಕಿದಿರಿ. ಘನಮೂಲದ ಒಳಗೆ 1/8 ಬಂತು, ಘನಮೂಲ 1/2 ಆಯಿತು, ಮೂರರಿಂದ ಗುಣಿಸಿದರೆ 3/2. ಮುಗಿಯಿತು ಅಂತ ಕೆಳಗೆ ಎರಡು ಗೆರೆ ಎಳೆದುಬಿಟ್ಟಿರಿ.

ಎಲ್ಲಿ ಜಾರಿತು ನೋಡಿ. (a+b)(b+c)(c+a) ಛೇದದಲ್ಲಿದೆ. ಛೇದ ದೊಡ್ಡದಾದರೆ ಭಿನ್ನರಾಶಿ ಚಿಕ್ಕದಾಗುತ್ತದೆ. ಅಂದರೆ ಘನಮೂಲದ ಒಳಗಿನದು 1/8ಕ್ಕಿಂತ ಜಾಸ್ತಿ ಆಗುವುದಿಲ್ಲ. ನಿಮಗೆ ಸಿಕ್ಕಿದ್ದು ಇಷ್ಟು: ಮೊತ್ತ ಒಂದು ಸಂಖ್ಯೆಗಿಂತ ದೊಡ್ಡದು, ಆ ಸಂಖ್ಯೆ ಒಂದೂವರೆಗಿಂತ ಚಿಕ್ಕದು. ನಾನು ನನ್ನ ತಮ್ಮನಿಗಿಂತ ಎತ್ತರ, ತಮ್ಮ ನಿಮಗಿಂತ ಗಿಡ್ಡ. ಹಾಗಾದರೆ ನಮ್ಮಿಬ್ಬರಲ್ಲಿ ಯಾರು ಎತ್ತರ? ಹೇಳಕ್ಕಾಗಲ್ಲ, ಅಲ್ವಾ? 1, 2, 3 ಹಾಕಿ ಪರೀಕ್ಷಿಸಿ. ಒಳಗೆ 6/60 = 1/10 ಬರುತ್ತದೆ. ಅದರ ಘನಮೂಲ ಸುಮಾರು 0.464, ಮೂರರಿಂದ ಗುಣಿಸಿದರೆ 1.39. ಮೊತ್ತ 1.39ಕ್ಕಿಂತ ಕಡಿಮೆ ಅಲ್ಲ ಅನ್ನುವುದು ನಿಜ. ಆದರೆ ನಮಗೆ ಬೇಕಿದ್ದದ್ದು 1.5. ಉತ್ತರದಲ್ಲಿ 3/2 ಬಂದ ಖುಷಿಗೆ ಚಿಹ್ನೆ ಯಾವ ಕಡೆ ತಿರುಗಿದೆ ಅಂತ ಯಾರೂ ನೋಡಲಿಲ್ಲ.

ಹಾಗಾದರೆ ಸರಿ ದಾರಿ ಯಾವುದು? ಭಿನ್ನರಾಶಿಗಳನ್ನೇ ದಿಟ್ಟಿಸಿ ನೋಡಿ. ತೊಂದರೆ ಕೊಡುತ್ತಿರುವುದು ಏನು? ಛೇದಗಳೂ ಬೇರೆ ಬೇರೆ, ಅಂಶಗಳೂ ಬೇರೆ ಬೇರೆ. ಎರಡರಲ್ಲಿ ಒಂದನ್ನಾದರೂ ಒಂದೇ ಮಾಡಬೇಕು. ಛೇದ ಒಂದೇ ಮಾಡಲು ಹೋದರೆ ಅಡ್ಡ ಗುಣಾಕಾರ ಶುರುವಾಗುತ್ತದೆ, ಅರ್ಧ ಪುಟ ಹೋಗುತ್ತದೆ. ಅದೂ ತಪ್ಪಲ್ಲ. ಒಬ್ಬರು ಹಾಗೇ ಮಾಡಿ ಕೊನೆಯವರೆಗೂ ತಲುಪಿದ್ದಾರೆ, ಭೇಷ್. ಆದರೆ ಅಂಶಗಳನ್ನು ಒಂದೇ ಮಾಡುವುದು ಸುಲಭ. a/(b+c)ಗೆ 1 ಕೂಡಿ:

a/(b+c) + 1 = (a+b+c)/(b+c)

ಮಿಕ್ಕ ಎರಡಕ್ಕೂ 1 ಕೂಡಿದರೆ ಅವುಗಳ ಅಂಶವೂ a+b+c ಆಗುತ್ತದೆ. ಇಡೀ ಲೆಕ್ಕದ ಜೀವ ಇರುವುದು ಈ ಒಂದು ಸಾಲಿನಲ್ಲಿ. ಪೂರ್ತಿ ಸಾಧನೆ ಹೀಗೆ ಬರೆಯಿರಿ.

ಸಾಧನೆ. ಎಡಭಾಗದ ಮೊತ್ತವನ್ನು M ಎನ್ನೋಣ. x = b+c, y = c+a, z = a+b ಆಗಿರಲಿ. ಮೂರೂ ಧನ ಸಂಖ್ಯೆಗಳು. ಇವನ್ನು ಕೂಡಿದರೆ x+y+z = 2(a+b+c). ಮೂರು ಭಿನ್ನರಾಶಿಗಳಿಗೂ 1 ಕೂಡಿದರೆ

M + 3 = (a+b+c)(1/x + 1/y + 1/z)
= (1/2)(x+y+z)(1/x + 1/y + 1/z)

ಆವರಣಗಳನ್ನು ಬಿಡಿಸಿದರೆ

(x+y+z)(1/x + 1/y + 1/z) = 3 + (x/y + y/x) + (y/z + z/y) + (z/x + x/z)

ಈಗ (x−y)² ≥ 0. ಅಂದರೆ x² + y² ≥ 2xy. xy ಧನ ಸಂಖ್ಯೆ, ಆದ್ದರಿಂದ ಅದರಿಂದ ಭಾಗಿಸಬಹುದು: x/y + y/x ≥ 2. ಹಾಗೆಯೇ ಉಳಿದ ಎರಡು ಜೋಡಿಗಳೂ 2ಕ್ಕಿಂತ ಕಡಿಮೆ ಇಲ್ಲ. ಆದ್ದರಿಂದ ಗುಣಲಬ್ಧ 3 + 2 + 2 + 2 = 9ಕ್ಕಿಂತ ಕಡಿಮೆ ಇಲ್ಲ. ಹಾಗಾಗಿ

M + 3 ≥ 9/2, ಅಂದರೆ M ≥ 3/2.

ಸಮ ಆಗುವುದು ಯಾವಾಗ? ಮೂರೂ ಜೋಡಿಗಳು ಸರಿಯಾಗಿ 2 ಆದಾಗ ಮಾತ್ರ. ಅಂದರೆ x = y = z ಆದಾಗ, ಅಂದರೆ a = b = c ಆದಾಗ. ಸಾಧನೆ ಮುಗಿಯಿತು.

ಸಮ ಆಗುವ ಸಂದರ್ಭದ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ನಾನಂತೂ ಒಂದು ಅಂಕ ಕತ್ತರಿಸುತ್ತೇನೆ.

“ಧನ ಸಂಖ್ಯೆ” ಅನ್ನುವ ಮಾತನ್ನು ಎಲ್ಲಿ ಬಳಸಿದೆವು? xyಯಿಂದ ಭಾಗಿಸಿದ ಕಡೆ. ಆ ಮಾತು ಸುಮ್ನೆ ಕೊಟ್ಟದ್ದಲ್ಲ. 1, 1, −3 ಹಾಕಿ ನೋಡಿ: −1/2 − 1/2 − 3/2 = −2.5. ಒಂದೂವರೆ ಎಲ್ಲೋ, ಇದು ಎಲ್ಲೋ.

ಇನ್ನೊಂದು ದಾರಿ ತೋರಿಸುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ರೂಪಾಯಿ, ಪೈಸೆ ಎಂದಿದ್ದೆನಲ್ಲ. ಮೂರನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಮೊತ್ತ ಬದಲಾಗುವುದಿಲ್ಲ. ಆದ್ದರಿಂದ a+b+c = 3 ಎಂದೇ ಇಟ್ಟುಕೊಳ್ಳಬಹುದು. ಆಗ ಮೊದಲ ಭಿನ್ನರಾಶಿ a/(3−a). ಅದರಲ್ಲಿ b ಇಲ್ಲ, c ಇಲ್ಲ. ಈಗ

a/(3−a) − (3a−1)/4 = 3(a−1)² / (4(3−a)) ≥ 0

ಬಿಡಿಸಿ ನೋಡಿ, ಸರಿಹೋಗುತ್ತದೆ. ಹಾಗಾಗಿ a/(3−a) ≥ (3a−1)/4. b, cಗೂ ಹೀಗೇ ಬರೆದು ಕೂಡಿದರೆ ಬಲಭಾಗ (3×3 − 3)/4 = 6/4 = 3/2. ಮುಗಿಯಿತು. ಆ (3a−1)/4 ಎಲ್ಲಿಂದ ಬಂತು ಅಂತ ಕೇಳುತ್ತೀರಿ, ಗೊತ್ತು. a/(3−a)ಯ ವಕ್ರರೇಖೆಗೆ a = 1ರಲ್ಲಿ ಎಳೆದ ಸ್ಪರ್ಶಕ ಅದು. ಪಿಯುಸಿಯಲ್ಲಿ ಕ್ಯಾಲ್ಕುಲಸ್ ಬಂದಾಗ ನೀವೇ ಕಂಡುಹಿಡಿಯುತ್ತೀರಿ. ಅಲ್ಲಿಯವರೆಗೆ ಒಂದು ಗ್ರಾಫ್ ಹಾಳೆಯಲ್ಲಿ ಎರಡನ್ನೂ ಎಳೆಯಿರಿ. ಗೆರೆ ವಕ್ರರೇಖೆಯ ಕೆಳಗೇ ಇರುತ್ತದೆ, ಒಂದೇ ಕಡೆ ಮುಟ್ಟುತ್ತದೆ.

ಎರಡು ದಾರಿಯಲ್ಲೂ ಕೊನೆಗೆ ಕೆಲಸ ಮಾಡಿದ್ದು ಒಂದು ವರ್ಗ. ಅಲ್ಲಿ (x−y)², ಇಲ್ಲಿ (a−1)². ಬೇಕಿದ್ದರೆ ಆ ವರ್ಗಗಳನ್ನು ನೇರವಾಗಿಯೇ ಹೊರಗೆ ತರಬಹುದು:

M − 3/2 = (a−b)²/(2(a+c)(b+c)) + (b−c)²/(2(b+a)(c+a)) + (c−a)²/(2(c+b)(a+b))

ಇದು ಅಸಮತೆ ಅಲ್ಲ, ಸಮೀಕರಣ. 1, 2, 3 ಹಾಕಿದರೆ ಬಲಭಾಗ 1/40 + 1/24 + 4/30, ಅಂದರೆ 3/120 + 5/120 + 16/120 = 24/120 = 0.2. ಎಡಭಾಗ 1.7 − 1.5. ತಾಳೆ ಆಯಿತು. ಇದನ್ನು ಬಾಯಿಪಾಠ ಮಾಡಬೇಡಿ. x/y + y/x − 2 = (x−y)²/(xy) ಎಂದು ಬರೆದರೆ ಮೇಲಿನ ಸಾಧನೆಯಿಂದಲೇ ಇದು ಉದುರುತ್ತದೆ.

ಇಷ್ಟು ಸಣ್ಣ ಲೆಕ್ಕ ಯಾತಕ್ಕೆ ಅನ್ನುವವರಿಗೆ: 1995ರಲ್ಲಿ ಕೆನಡಾದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಎರಡನೇ ಪ್ರಶ್ನೆ, abc = 1 ಆದಾಗ 1/(a³(b+c)) ಮತ್ತು ಅದರ ಜೊತೆಗಾರರ ಮೊತ್ತ 3/2ಕ್ಕಿಂತ ಕಡಿಮೆ ಇಲ್ಲ ಎಂದು ಸಾಧಿಸುವುದು. p = 1/a, q = 1/b, r = 1/c ಎಂದು ಬದಲಿಸಿದರೆ ಅದು p²/(q+r) + q²/(r+p) + r²/(p+q) ಆಗುತ್ತದೆ. ಒಂದೊಂದಕ್ಕೂ ಈ ಸಲ 1 ಅಲ್ಲ, p, q, r ಕೂಡಿ. p²/(q+r) + p = (p+q+r) × p/(q+r). ನಮ್ಮ ಅಸಮತೆ ಎದುರಿಗೇ ಬಂದು ನಿಲ್ಲುತ್ತದೆ. ಮೊತ್ತ (p+q+r)/2ಕ್ಕಿಂತ ಕಡಿಮೆ ಇಲ್ಲ. pqr = 1 ಇರುವುದರಿಂದ p+q+r ≥ 3. ಅಲ್ಲಿಗೆ ಮುಗಿಯಿತು. ಆ ಏಳು ಜನರ ಪ್ರೀತಿಯ ಮಾಧ್ಯಗಳ ಸೂತ್ರ ಇಲ್ಲಿ ಸರಿಯಾದ ದಿಕ್ಕಿನಲ್ಲಿ ಕೆಲಸ ಮಾಡಿದೆ, ಗಮನಿಸಿ.

ನಾಲ್ಕು ಸಂಖ್ಯೆ ಇದ್ದರೆ? a/(b+c) + b/(c+d) + c/(d+a) + d/(a+b) ≥ 2, ಇದೂ ನಿಜ. ಆದರೆ 1 ಕೂಡುವ ಉಪಾಯ ಇಲ್ಲಿ ಕೈಕೊಡುತ್ತದೆ. ಅಂಶಗಳು a+b+c, b+c+d ಹೀಗೆ ಬೇರೆ ಬೇರೆಯೇ ಉಳಿಯುತ್ತವೆ. ಸಮ ಆಗುವುದಕ್ಕೂ ನಾಲ್ಕೂ ಒಂದೇ ಆಗಬೇಕಿಲ್ಲ: a = c, b = d ಆದರೆ ಸಾಕು. ಹೀಗೇ ಸಂಖ್ಯೆಗಳನ್ನು ಸೇರಿಸುತ್ತಾ ಹೋದರೆ ಮೊತ್ತ ಯಾವಾಗಲೂ n/2ಕ್ಕಿಂತ ಕಡಿಮೆ ಆಗುವುದಿಲ್ಲವೇ ಎಂದು ಶಪಿರೊ 1954ರಲ್ಲಿ ಕೇಳಿದರು. 13ರವರೆಗೆ ಹೌದು. 14ಕ್ಕೆ ಇಲ್ಲ! ಆದರೆ ತೀರಾ ಕೆಳಗೆ ಬೀಳುವುದೂ ಇಲ್ಲ. n ಎಷ್ಟೇ ಇರಲಿ, ಮೊತ್ತ n/2ರ ಸುಮಾರು 0.989 ಪಾಲಿಗಿಂತ ಕೆಳಗೆ ಹೋಗದು ಎಂದು 1971ರಲ್ಲಿ ಡ್ರಿನ್‌ಫೆಲ್ಡ್ ತೋರಿಸಿದರು. ಅವರು ಹುಟ್ಟಿದ್ದೇ 1954ರಲ್ಲಿ, ಶಪಿರೊ ಪ್ರಶ್ನೆ ಕೇಳಿದ ವರ್ಷ. ವಯಸ್ಸು ನೀವೇ ಲೆಕ್ಕ ಹಾಕಿ.

ಮುಂದಿನ ಭಾನುವಾರಕ್ಕೆ: a, b, c ಒಂದು ತ್ರಿಭುಜದ ಬಾಹುಗಳಾದರೆ ನಮ್ಮ M, 2ಕ್ಕಿಂತ ಕಡಿಮೆ ಎಂದು ಸಾಧಿಸಿ. ಸುಳಿವು ಇಷ್ಟೇ: b+c > a. ಅದಕ್ಕೆ ಎರಡೂ ಕಡೆ b+c ಕೂಡಿ. ಈ ಸಲ ಗೆರೆ ಎಳೆಯುವ ಮುಂಚೆ ಚಿಹ್ನೆ ಯಾವ ಕಡೆ ತಿರುಗಿದೆ ನೋಡಿಕೊಳ್ಳಿ.