ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಇಲ್ಲಿ ಇರುವುದಿಲ್ಲ

ಎಲ್ಲರಿಗೂ ನಮಸ್ಕಾರ. ಜೂನ್ 1ರಿಂದ ಆಗಸ್ಟ್ 31ರವರೆಗೆ ನಾನು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ಇರುವುದಿಲ್ಲ. ಸೆಪ್ಟೆಂಬರ್ ಮೊದಲ ವಾರ ವಾಪಸ್ ಬರುತ್ತೇನೆ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ. ಯಾರ ಜೊತೆಯೂ ಜಗಳ ಆಗಿಲ್ಲ, ಯಾರ ಮಾತಿಗೂ ಬೇಜಾರಾಗಿಲ್ಲ.

ಮುಖ್ಯ ವಿಷಯ ಇಷ್ಟೇ. ಮುಂದೆ ಬರೆದಿರುವುದು ನಮ್ಮ ಭಾನುವಾರದ ಚಿತ್ರ ಬರೆಯುವ ಗುಂಪಿನವರಿಗೆ, ಮತ್ತೆ ನನ್ನ ಉತ್ತರಕ್ಕೆ ಕಾಯುವ ಕೆಲವರಿಗೆ. ಇನ್‌ಸ್ಟಾಗ್ರಾಂನಲ್ಲಿ ಇಷ್ಟೊಂದು ಬರೆಯಲು ಜಾಗ ಇಲ್ಲ, ಅಲ್ಲಿ ಎರಡೇ ಸಾಲು ಹಾಕಿದ್ದೇನೆ.

ಸುಮ್ನೆ ಹೋಗಿಬಿಡೋಣ ಅಂತಲೇ ಮೊದಲು ಅಂದುಕೊಂಡಿದ್ದೆ. ಆದರೆ ಕಳೆದ ವರ್ಷ ನಮ್ಮ ಗುಂಪಿನ ಒಬ್ಬರು ಎರಡು ವಾರ ಚಿತ್ರ ಹಾಕಲಿಲ್ಲ, ಮೆಸೇಜಿಗೂ ಉತ್ತರ ಕೊಡಲಿಲ್ಲ. ಅವರಿಗೇನಾಯಿತೋ ಅಂತ ನಾವೆಲ್ಲ ಗಾಬರಿಯಾಗಿದ್ದು ನಿಮಗೆ ನೆನಪಿರಬೇಕು. ಅವರು ಮನೆ ಬದಲಾಯಿಸುವ ಓಡಾಟದಲ್ಲಿದ್ದರು, ಅಷ್ಟೇ. ನನ್ನಿಂದ ಯಾರಿಗೂ ಆ ಗಾಬರಿ ಆಗಬಾರದು ಅಂತ ಈ ಪೋಸ್ಟ್.

ಯಾಕೆ ಅಂತ ಕೇಳುವವರಿಗೆ ಎರಡು ಸಂಗತಿ ಹೇಳುತ್ತೇನೆ.

ಒಂದು, ಚಿತ್ರ. ಏಪ್ರಿಲ್‌ನಲ್ಲಿ ಒಂದು ದಿನ ಕಿಟಕಿಯ ಪಕ್ಕ ಕೂತು ಬಟ್ಟೆ ಒಣಗಿಸುವ ಹಗ್ಗವನ್ನು ಬರೆಯುತ್ತಿದ್ದೆ. ಹಗ್ಗ ಇನ್ನೂ ಅರ್ಧ ಆಗಿತ್ತು. ಅಷ್ಟರಲ್ಲೇ ಮನಸ್ಸಿನಲ್ಲಿ ಕ್ಯಾಪ್ಶನ್ ತಯಾರಾಗಿತ್ತು. ಯಾವ ಕಡೆಯಿಂದ ಫೋಟೋ ತೆಗೆದರೆ ಚೆನ್ನಾಗಿ ಕಾಣುತ್ತದೆ ಅಂತಲೂ ಯೋಚಿಸಿದ್ದೆ. ಆಮೇಲೆ ಹಗ್ಗದ ಕಡೆ ಮತ್ತೆ ನೋಡಿದರೆ ನೆರಳು ಆಗಲೇ ಸರಿದುಹೋಗಿತ್ತು. ಆ ಚಿತ್ರವನ್ನು ಹಾಗೂ ಹೀಗೂ ಮುಗಿಸಿ ಹಾಕಿದೆ. ನೀವೆಲ್ಲ ಮೆಚ್ಚಿಕೊಂಡಿರಿ, ಅದಕ್ಕೆ ನಿಜವಾಗಲೂ ಖುಷಿಯಾಯಿತು. ಆದರೆ ಆ ನೆರಳನ್ನು ನಾನು ನೋಡಿ ಬರೆದದ್ದಲ್ಲ, ಊಹಿಸಿ ಬರೆದದ್ದು. ಇದು ನನಗೆ ಮಾತ್ರ ಗೊತ್ತಿದ್ದ ವಿಷಯ, ಮತ್ತೆ ಮತ್ತೆ ಕಾಡುತ್ತಿತ್ತು. ಕೆಲವು ದಿನ ಯಾರಿಗೂ ತೋರಿಸದೆ ಬರೆದು ನೋಡಬೇಕು ಅಂತ ಅವತ್ತೇ ಅನ್ನಿಸಿತು.

ಇನ್ನೊಂದು, ನನ್ನ ಅಕ್ಕ. ಅವಳು ದೂರದಲ್ಲಿದ್ದಾಳೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಹೋದ ತಿಂಗಳು ಅವಳು ಮಗಳ ಸೈಕಲ್ ವಿಷಯ ಹೇಳಲು ಶುರು ಮಾಡಿದಳು. ನಾನು ತಕ್ಷಣ, "ಹ್ಞಾಂ ಗೊತ್ತು, ಸ್ಟೋರಿಯಲ್ಲಿ ನೋಡಿದೆ" ಅಂದೆ. ಆಮೇಲೆ ಮನೆಗೆ ಬಂದಿದ್ದ ನೆಂಟರ ವಿಷಯ. ಅದಕ್ಕೂ "ನೋಡಿದೆ ಕಣೆ" ಅಂದೆ. ಅವಳು ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದರೆ ಇನ್ನೇನು ಹೇಳಲಿ?" ಅಂದಳು. ಸಿಟ್ಟಿನಿಂದ ಕೇಳಿದ್ದಲ್ಲ. ಅವಳಿಗೆ ನಿಜವಾಗಲೂ ಹೇಳಲು ಏನೂ ಉಳಿದಿರಲಿಲ್ಲ. ಮಗು ಮೊದಲ ಸಲ ಸೈಕಲ್ ಹೊಡೆದದ್ದನ್ನು ನಾನು ಹದಿನೈದು ಸೆಕೆಂಡ್ ನೋಡಿದ್ದೆ, ಸರಿ. ಆದರೆ ಎಷ್ಟು ಸಲ ಬಿದ್ದಳು, ಹಿಂದೆ ಹಿಡಿದುಕೊಂಡು ಓಡಿದ್ದು ಯಾರು, ಕೈ ಬಿಟ್ಟಿದ್ದು ಅವಳಿಗೆ ಗೊತ್ತಾಯಿತಾ, ಇದೆಲ್ಲ ಅಕ್ಕ ಹೇಳಬೇಕಿದ್ದ ಕತೆ. ನಾನು ಕೇಳಿಸಿಕೊಳ್ಳದೆ ಹೋದೆ. ಈ ಮೂರು ತಿಂಗಳು ಅವಳ ಸುದ್ದಿಯನ್ನು ಅವಳ ಬಾಯಿಂದಲೇ ಕೇಳಬೇಕು ಅಂತ ಆಸೆ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಲೆಕ್ಕ ತೆಗೆದು ನೋಡಿದೆ. ಎರಡೂ ಆ್ಯಪ್ ಸೇರಿ ದಿನಕ್ಕೆ ಸರಾಸರಿ 2 ಗಂಟೆ 20 ನಿಮಿಷ. ತಿಂಗಳಿಗೆ 70 ಗಂಟೆ. ಅದರಲ್ಲಿ ನಿಮ್ಮ ಚಿತ್ರಗಳನ್ನು ನೋಡಿದ್ದು, ನಿಮ್ಮ ಜೊತೆ ಮಾತಾಡಿದ್ದು ತುಂಬ ಕಡಿಮೆ. ಉಳಿದಿದ್ದೆಲ್ಲ ಬೆರಳು ತಾನಾಗಿ ಎಳೆದುಕೊಂಡು ಹೋದದ್ದು, ನೋಡಿದ್ದೇನು ಅಂತ ಸಂಜೆಗೆ ನೆನಪೂ ಇರುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಅಂತ ಟೈಮರ್ ಹಾಕಿಯೂ ನೋಡಿದೆ. "ಇವತ್ತಿಗೆ ಬಿಡು" ಅಂತ ಒತ್ತಿ ಮುಂದಕ್ಕೆ ಹೋಗುವುದೇ ಅಭ್ಯಾಸವಾಯಿತು. ಹಾಗಾಗಿ ಫೋನಿನಿಂದ ಎರಡನ್ನೂ ತೆಗೆಯುತ್ತಿದ್ದೇನೆ. ಇಲ್ಲಿ ಇರುವವರ ಬಗ್ಗೆ ಇದು ನನ್ನ ತೀರ್ಮಾನವಲ್ಲ. ನಿಮ್ಮಲ್ಲಿ ಎಷ್ಟೋ ಜನರಿಗೆ ಇದೇ ಕೆಲಸ, ಇದೇ ಸಂಪಾದನೆ, ಇದೇ ಗೆಳೆತನ. ನಮ್ಮ ಗುಂಪು ಹುಟ್ಟಿದ್ದೂ ಇಲ್ಲೇ ಅಲ್ವಾ.

ಅಕೌಂಟ್ ಡಿಲೀಟ್ ಮಾಡುತ್ತಿಲ್ಲ, ಡಿಆ್ಯಕ್ಟಿವೇಟ್ ಕೂಡ ಮಾಡುತ್ತಿಲ್ಲ. ಡಿಆ್ಯಕ್ಟಿವೇಟ್ ಮಾಡಿದರೆ ಹಳೆಯ ಪೋಸ್ಟ್‌ಗಳು ನಿಮಗೆ ಕಾಣಿಸುವುದಿಲ್ಲ. ಪೆನ್ಸಿಲ್ ಹಿಡಿಯುವುದು, ಗಾಜಿನ ಲೋಟ ಬರೆಯುವುದು, ಕೈಬೆರಳಿನ ಅಳತೆ, ಈ ಪಾಠಗಳನ್ನು ಕೆಲವರು ಈಗಲೂ ತೆರೆದು ನೋಡುತ್ತೀರಿ. ಅವು ಅಲ್ಲೇ ಇರಲಿ.

ಒಂದು ತೊಂದರೆ ಇದೆ. ಅಕೌಂಟ್ ಇರುವುದರಿಂದ ನೀವು ಕಳಿಸಿದ ಮೆಸೇಜ್ ಬಂದು ಬೀಳುತ್ತದೆ, ನಾನು ಮಾತ್ರ ನೋಡುವುದಿಲ್ಲ. ಉತ್ತರ ಬರಲಿಲ್ಲ ಅಂದರೆ ಇವರಿಗೇನೋ ಕೋಪ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಂಬರ್ ಇರುವವರು ಫೋನ್ ಮಾಡಿ, ಸಂಜೆ ಏಳರ ಮೇಲೆ ಆರಾಮಾಗಿ ಸಿಗುತ್ತೇನೆ. ವಾಟ್ಸ್ಆ್ಯಪ್ ಆಫೀಸಿಗೆ ಮತ್ತು ಮನೆಗೆ ಬೇಕು, ಅದು ಇರುತ್ತದೆ, ಸ್ಟೇಟಸ್ ಮಾತ್ರ ಹಾಕುವುದಿಲ್ಲ, ನೋಡುವುದೂ ಇಲ್ಲ. ಹುಟ್ಟುಹಬ್ಬ, ಗೃಹಪ್ರವೇಶ, ಮಕ್ಕಳ ರಿಸಲ್ಟ್ ಇಲ್ಲಿ ಹಾಕಿದರೆ ನನಗೆ ತಿಳಿಯುವುದಿಲ್ಲ. ಶುಭಾಶಯ ಹೇಳಲಿಲ್ಲ ಅಂತ ಬೇಸರ ಬೇಡ, ಒಂದು ಸಾಲು ವಾಟ್ಸ್ಆ್ಯಪ್‌ಗೆ ಹಾಕಿ. ಯಾರಿಗಾದರೂ ಮನಸ್ಸು ಸರಿಯಿಲ್ಲ, ಮಾತಾಡಬೇಕು ಅನ್ನಿಸಿದರೆ ಹೊತ್ತು ನೋಡಬೇಡಿ, ಫೋನ್ ಮಾಡಿ.

ಇದನ್ನು ಮಾತ್ರ ಗಮನವಿಟ್ಟು ಓದಿ. ನನ್ನ ಹೆಸರು, ನನ್ನ ಫೋಟೋ ಇರುವ ಅಕೌಂಟಿನಿಂದ ಈ ಮೂರು ತಿಂಗಳಲ್ಲಿ ಯಾರಾದರೂ ದುಡ್ಡು ಕೇಳಿದರೆ, ಒಟಿಪಿ ಕೇಳಿದರೆ, ಲಿಂಕ್ ಕಳಿಸಿ ಒತ್ತು ಅಂದರೆ ಅದು ನಾನಲ್ಲ. ಹಾಗೆಯೇ ಹೊಸದಾಗಿ ಫ್ರೆಂಡ್ ರಿಕ್ವೆಸ್ಟ್ ಬಂದರೂ ಅದು ನಾನಲ್ಲ. ರಿಪೋರ್ಟ್ ಮಾಡಿ, ನನಗೆ ಫೋನ್ ಮಾಡಿ ತಿಳಿಸಿ. ಪಾಸ್‌ವರ್ಡ್ ಬದಲಾಯಿಸಿದ್ದೇನೆ, ಎರಡು ಹಂತದ ಲಾಗಿನ್ ಕೂಡ ಹಾಕಿದ್ದೇನೆ. ಆದರೂ ಫೋಟೋ ಕದ್ದು ನಕಲಿ ಅಕೌಂಟ್ ಮಾಡುವವರನ್ನು ಅದು ತಡೆಯುವುದಿಲ್ಲ.

ಗುಂಪು ನಿಲ್ಲುವುದಿಲ್ಲ. ಈಗ ಅಡ್ಮಿನ್ ಆಗಿರುವ ಇನ್ನಿಬ್ಬರು ನಡೆಸಿಕೊಂಡು ಹೋಗುತ್ತಾರೆ. 13 ಭಾನುವಾರಕ್ಕೆ ಬೇಕಾದ ವಿಷಯಗಳನ್ನು ಬರೆದು ಕೊಟ್ಟಿದ್ದೇನೆ, ಬೇಕಾದರೆ ಅವರು ಬದಲಾಯಿಸುತ್ತಾರೆ. ಹೊಸದಾಗಿ ಸೇರಿದ ನಾಲ್ಕು ಜನರ ಚಿತ್ರಕ್ಕೆ ತಪ್ಪದೆ ಒಂದು ಮಾತು ಬರೆಯಿರಿ. ಚೆನ್ನಾಗಿದೆ ಅಂತ ಬರೆದರೆ ಸಾಲದು, ಯಾವ ಗೆರೆ ಚೆನ್ನಾಗಿದೆ ಅಂತ ಹೇಳಿ. ನಾನು ಕಲಿತದ್ದು ಹಾಗೆ ಹೇಳಿದವರಿಂದಲೇ.

ಬಣ್ಣದ ಪೆನ್ಸಿಲಿನ ಆ ಎರಡು ಚಿತ್ರ ಬೇಕು ಅಂದವರಿಗೆ ಮೊನ್ನೆಯೇ ಅಂಚೆಗೆ ಹಾಕಿದ್ದೇನೆ. ಬೇರೆ ಯಾವುದೂ ಬಾಕಿ ಇಲ್ಲ ಅಂದುಕೊಂಡಿದ್ದೇನೆ. ಏನಾದರೂ ಮರೆತಿದ್ದರೆ ಇವತ್ತು ರಾತ್ರಿ ಹತ್ತರೊಳಗೆ ನೆನಪಿಸಿ.

ಈ ಪೋಸ್ಟಿಗೆ ಉತ್ತರ ಬರೆಯಲೇಬೇಕು ಅಂತೇನಿಲ್ಲ. ಓದಿದರೆ ಸಾಕು. ಮೇಲಿನ ಫೋಟೋದಲ್ಲಿರುವುದು ಅದೇ ಹಗ್ಗ. ಈ ಸಲ ಮೂರು ದಿನ, ಒಂದೇ ಹೊತ್ತಿಗೆ ಕೂತು ಬರೆದೆ.

ಜೂನ್ ಮೊದಲ ಭಾನುವಾರದ ವಿಷಯ: ಬಾಗಿಲ ಹಿಂದೆ ನೇತು ಹಾಕಿರುವ ಯಾವುದಾದರೂ ಒಂದು ವಸ್ತು, ಅದರ ನೆರಳಿನ ಸಮೇತ.